ಶನಿವಾರ ಉಂಡು ಬನ್ನಿ, ರಕ್ತ ಕೊಡಿ!

(ಹೊಸರಿತ್ತಿಯ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಹಿಡಿದವನು. ಶನಿವಾರದ ರಕ್ತದಾನ ಶಿಬಿರದ ಕರಪತ್ರ ಅಚ್ಚು ಹಾಕಿದವನು ನಾನೇ. ಅದರಲ್ಲಿ ಹಿಡಿಸದ ಮಾತುಗಳನ್ನು ಇಲ್ಲಿ ಹೇಳುತ್ತೇನೆ.

1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದ ನೆಲವಿದು. ಇಲ್ಲಿ ನಿಂತು ನಿಮ್ಮನ್ನು ಕೇಳುತ್ತಿರುವುದು ಬರೀ 350 ಮಿಲಿಲೀಟರ್!

'ಶಕ್ತಿ ಹೋಗತೈತಿ' ಅನ್ನುತ್ತೀರಿ. ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ. ಕೊಟ್ಟದ್ದರಲ್ಲಿ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ವಾರಗಳು ಬೇಕು, ಕಬ್ಬಿಣಾಂಶಕ್ಕೆ ಇನ್ನೂ ಹೆಚ್ಚು. ಅದಕ್ಕೇ ಗಂಡಸರು 90 ದಿನ, ಹೆಂಗಸರು 120 ದಿನ ಕಳೆಯದೆ ಮತ್ತೆ ಕೊಡುವಂತಿಲ್ಲ. ಸೂಜಿಯ ಭಯವೇ? ಹೊಸದನ್ನೇ ನಿಮ್ಮೆದುರು ಬಿಚ್ಚುತ್ತಾರೆ.

ವಯಸ್ಸು 18 ತುಂಬಿರಬೇಕು, ತೂಕ 45 ಕಿಲೋ ಇರಬೇಕು. ಆಮೇಲೆ ಬೆರಳು ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ನೀರಿಗೆ ಬಿಡುವುದುಂಟು. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಭಾರವಾಗಿ ಮುಳುಗುತ್ತದೆ. ಕಡಿಮೆಯಿದ್ದರೆ ತೇಲುತ್ತದೆ. ಕೆಲವೆಡೆ ಯಂತ್ರದಲ್ಲೇ ನೋಡುತ್ತಾರೆ. ನಮ್ಮ ಪ್ರೆಸ್ಸಿನ ಹುಡುಗನ ಹನಿ ತೇಲಿತು. ಅವನಿಗೆ ಅವಮಾನವಾಯಿತು. ನಾನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಕಬ್ಬಿಣದ ಮಾತ್ರೆ ಕೊಟ್ಟರು. ಕೆಲ ತಿಂಗಳ ನಂತರ ಅದೇ ಹುಡುಗನ ಹನಿ ಮುಳುಗಿತು. ವಾಪಸ್ ಕಳಿಸಿದರೆ ಕೆಟ್ಟದ್ದೆಂದು ತಿಳಿಯಬೇಡಿ. ನಿಮಗೇ ರಕ್ತ ಕಡಿಮೆಯಿದೆ ಎಂದು ಅಂದೇ ಗೊತ್ತಾಯಿತಲ್ಲ!

ನಾನು ಮೊದಲ ಸಲ ಕೊಟ್ಟದ್ದು ಶ್ರಾವಣ ಸೋಮವಾರ, ಉಪವಾಸದಲ್ಲಿ. 'ಉಂಡೀರೇನು?' ಎಂದು ಕೇಳಿದಾಗ ಹೂಂ ಅಂದೆ. ಕೊಟ್ಟವನೇ ದಡಬಡ ಎದ್ದೆ, ಕಣ್ಣು ಕತ್ತಲೆ ಬಂದು ಬಿದ್ದೆ. ತಪ್ಪು ರಕ್ತ ಕೊಟ್ಟದ್ದರಲ್ಲಿ ಇರಲಿಲ್ಲ, ನನ್ನ ಸುಳ್ಳಿನಲ್ಲಿತ್ತು. ಉಂಡು, ನೀರು ಕುಡಿದು ಬನ್ನಿ. ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಮಲಗಿ. ಕೂಡಲೇ ಬೈಕು ಹತ್ತಬೇಡಿ.

ಇನ್ನು ಫಾರ್ಮು. ಅದು ಕನ್ನಡದಲ್ಲೇ ಇರಲಿ ಎಂದು ಕೇಳಿ ಪಡೆಯಿರಿ. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಕಾಮಣಿ ಆಗಿತ್ತೇ, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ, ಮೂರು ತಿಂಗಳಲ್ಲಿ ಮಲೇರಿಯಾ ಬಂದಿತ್ತೇ, ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳುತ್ತಾರೆ. ತಂಗಿಯರೇ, ಮುಟ್ಟಿನ ದಿನವಾದರೆ ಹೇಳಿಬಿಡಿ, ಆಮೇಲೆ ಕೊಡಬಹುದು. ಇದ್ದದ್ದನ್ನೇ ಬರೆಯಿರಿ. ಎಚ್‌ಐವಿ, ಕಾಮಣಿಯ ಪರೀಕ್ಷೆ ಮಾಡೇ ಮಾಡುತ್ತಾರೆ, ನಿಜ. ಆದರೆ ಸೋಂಕು ತಗಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಗೆ ಸಿಗದೆ ಹೋಗಬಹುದು. ಅಂಥ ಬಾಟಲಿ ಬಾಣಂತಿಯೊಬ್ಬಳಿಗೆ ಹೋದರೆ? ಅನುಮಾನವಿದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಪರೀಕ್ಷೆ ಮಾಡಿಸಿಕೊಳ್ಳಿ, ಶಿಬಿರಕ್ಕೆ ಬರಬೇಡಿ.

ಶನಿವಾರ ಬೆಳಿಗ್ಗೆ 10ಕ್ಕೆ ಶುರು. ನಾನು ಬಾಗಿಲಲ್ಲೇ ಇರುತ್ತೇನೆ, ಮೊದಲು ಕೇಳುವುದು ಒಂದೇ: ಏನು ಉಂಡು ಬಂದಿರಿ?