ಹೆಸರಿನ ಹಲಗೆಯ ಮುಂದೆ ನಿಂತ ಮಗು



ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಕ್ಕಳಿಗೆ ಓದು ಕಲಿಸಬೇಕೆಂದು ಮುಂದೆ ಬರುವ ತರುಣರ ಸಂಖ್ಯೆ ಹೆಚ್ಚುತ್ತಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52ರಷ್ಟಿದ್ದು, ರಾಜ್ಯದ ಜಿಲ್ಲೆಗಳಲ್ಲೆಲ್ಲ ಕೊನೆಯದಾಗಿತ್ತು. ಆದ್ದರಿಂದ ಕೆಲಸಕ್ಕೇನೂ ಕೊರತೆಯಿಲ್ಲ. ಏಳು ಜನ ಕೂಡುತ್ತಾರೆ, ಉದ್ದೇಶಗಳನ್ನು ಬರೆಯುತ್ತಾರೆ, ಒಂದು ಕೋಣೆಯನ್ನೂ ಹುಡುಕಿಕೊಳ್ಳುತ್ತಾರೆ. ಆಮೇಲೆ ಹೆಸರಿನ ಬಳಿ ಬಂದು ನಿಂತುಬಿಡುತ್ತಾರೆ. ಒಬ್ಬನಿಗೆ ತೂಕದ ಹೆಸರು ಬೇಕು. ಇನ್ನೊಬ್ಬನಿಗೆ ಮಕ್ಕಳ ಮೊಗದಲ್ಲಿ ನಗೆ ತರಿಸುವ ಹೆಸರು ಬೇಕು. ಈ ಜಗ್ಗಾಟವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಹೆಸರು ನೋಡಿಯೇ ಬಾಗಿಲಿನಿಂದ ಹಿಂದೆ ಸರಿಯುವ ಮಕ್ಕಳು ಇದ್ದಾರೆ.

ಮೊದಲು ಕಾಯಿದೆಯ ಮಾತನ್ನು ಮುಗಿಸೋಣ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನರಾದರೂ ಸೇರಿ, ಹೆಸರು ಮತ್ತು ಉದ್ದೇಶಗಳನ್ನು ಬರೆದ ಪತ್ರವನ್ನು ಜಿಲ್ಲೆಯ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಈಗಾಗಲೇ ನೋಂದಣಿಯಾದ ಸಂಘದ ಹೆಸರನ್ನೇ ಇಟ್ಟುಕೊಂಡರೆ, ಇಲ್ಲವೆ ಅದನ್ನು ತೀರ ಹೋಲುವ ಹೆಸರಾದರೆ, ಅರ್ಜಿ ಹಿಂದಕ್ಕೆ ಬರುತ್ತದೆ. ಸರ್ಕಾರದ ಸಂಸ್ಥೆಯೇ ಎಂಬ ಭ್ರಮೆ ಹುಟ್ಟಿಸುವ ಹೆಸರುಗಳಿಗೆ ಲಾಂಛನ ಮತ್ತು ಹೆಸರುಗಳನ್ನು ಕುರಿತ 1950ರ ಕಾಯಿದೆಯೂ ಅಡ್ಡ ಬರುತ್ತದೆ. ಇಷ್ಟು ಬಿಟ್ಟರೆ ಕಚೇರಿಗೆ ಹೆಸರು ಗಂಭೀರವಾಗಿರಲೇಬೇಕೆಂಬ ಹಟವಿಲ್ಲ. ಗಾಂಭೀರ್ಯದ ಭಯ ನಮ್ಮದೇ. ಶಿಕ್ಷಣಾಧಿಕಾರಿಗಳು ಏನೆಂದಾರು, ದಾನಿಗಳು ನಕ್ಕಾರೇ ಎಂಬ ಅಳುಕಿನಿಂದ ನಾವು ‘ಗ್ರಾಮೀಣ’, ‘ಸರ್ವಾಂಗೀಣ’, ‘ಶೈಕ್ಷಣಿಕ’, ‘ಅಭಿವೃದ್ಧಿ’, ‘ಪ್ರತಿಷ್ಠಾನ’ ಎಂದು ಕಲ್ಲಿನ ಮೇಲೆ ಕಲ್ಲು ಹೇರುತ್ತ ಹೋಗುತ್ತೇವೆ. ಕೊನೆಗೆ ಯಾರೂ ಅದನ್ನು ಪೂರ್ತಿಯಾಗಿ ಉಚ್ಚರಿಸಲಾರದೆ ನಾಲ್ಕೈದು ಇಂಗ್ಲಿಷ್ ಮೊದಲಕ್ಷರಗಳಿಗೆ ಇಳಿಸುತ್ತಾರೆ. ಓದು ಕಲಿಸುವ ಸಂಸ್ಥೆಯ ಹೆಸರೇ ಓದಲು ಬಾರದಂತಾದರೆ ಅದರ ಗಾಂಭೀರ್ಯ ಯಾರಿಗಾಗಿ?

ಇದಕ್ಕೆ ಹೆದರಿದವರು ಇನ್ನೊಂದು ದಡಕ್ಕೆ ಹಾರುತ್ತಾರೆ. ‘ಪುಟಾಣಿ’, ‘ಚಿಣ್ಣರು’, ‘ಕಂದಮ್ಮ’, ‘ಚಿಲಿಪಿಲಿ’. ಕೇಳಲು ಇಂಪಾಗಿವೆ. ಆದರೆ ಇಂಥ ಸಂಸ್ಥೆಗೆ ಬರಬೇಕಾದ ಮಗು ಯಾರೆಂದು ಯೋಚಿಸಬೇಕು. ಆರು ವರ್ಷದ ಮಗುವಿಗೆ ಶಾಲೆಯಿದೆ. ನಮಗೆ ಬೇಕಾದವನು ಹನ್ನೊಂದು ಹನ್ನೆರಡು ವರ್ಷದ ಹುಡುಗ. ಐದನೆಯ ತರಗತಿಯಲ್ಲಿದ್ದೂ ಎರಡನೆಯ ತರಗತಿಯ ಪಾಠವನ್ನು ತಡೆಯಿಲ್ಲದೆ ಓದಲಾರದವನು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹೊಲಕ್ಕೆ ಹೋಗುತ್ತಾನೆ. ತಂದೆತಾಯಿ ಗುಳೆ ಹೋದರೆ ತಾನೂ ಬೆಂಗಳೂರೋ ಮುಂಬಯಿಯೋ ಕಂಡು ಬರುತ್ತಾನೆ. ಕೂಲಿಯ ಲೆಕ್ಕ ಬಾಯಲ್ಲೇ ಮಾಡಬಲ್ಲ ಆ ಹುಡುಗ ‘ಪುಟಾಣಿ’ ಎಂದು ಬರೆದ ಬಾಗಿಲನ್ನು ತನ್ನ ಓರಗೆಯವರ ಕಣ್ಣೆದುರು ದಾಟುವನೇ? ಓದು ಬಾರದೆಂಬ ನಾಚಿಕೆ ಅವನಲ್ಲಿ ಮೊದಲೇ ಇದೆ. ನಮ್ಮ ಮುದ್ದಿನ ಮಾತು ಆ ನಾಚಿಕೆಗೆ ಹಲಗೆ ಹೊಡೆಸಿದಂತಾಗುತ್ತದೆ. ‘ಅಜ್ಞಾನ ನಿವಾರಣೆ’, ‘ಜ್ಞಾನಜ್ಯೋತಿ’ ಮೊದಲಾದವುಗಳಲ್ಲಿಯೂ ಇದೇ ದೋಷ ಬೇರೆ ಬಗೆಯಲ್ಲಿ ಅಡಗಿದೆ. ಜ್ಯೋತಿ ತರುತ್ತೇವೆಂದಾಗ ಅವನ ಮನೆಯಲ್ಲಿ ಕತ್ತಲೆಯಿದೆ ಎಂದು ಹೇಳಿದಂತೆಯೇ ಸರಿ. ಮಳೆ, ಬೆಳೆ, ದನಕರುಗಳ ವಿಷಯದಲ್ಲಿ ಊರಿಗೇ ಬುದ್ಧಿ ಹೇಳಬಲ್ಲ ಅವನ ತಂದೆ ಇದನ್ನು ಒಪ್ಪಬೇಕಾದ ಕಾರಣವಿಲ್ಲ.

ಹಾಗಾದರೆ ಗಾಂಭೀರ್ಯವೂ ಸ್ನೇಹವೂ ಕೂಡಿದ ಹೆಸರು ಸಾಧ್ಯವೇ? ಸಾಧ್ಯ ಎಂಬುದಕ್ಕೆ ನಮ್ಮ ನೆರೆಯ ರಾಯಚೂರಿನಲ್ಲಿಯೇ ಸಾಕ್ಷಿಯಿದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಪಂಡಿತ ತಾರಾನಾಥರು ಅಲ್ಲಿ ಕಟ್ಟಿದ ಶಾಲೆಗೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ‘ಹಮ್’ ಎಂದರೆ ಜೊತೆ, ‘ದರ್ದ್’ ಎಂದರೆ ನೋವು. ನೋವಿನಲ್ಲಿ ಪಾಲುಗೊಳ್ಳುವವನು ಹಮ್‌ದರ್ದ್. ಉರ್ದು ಆಡಳಿತ ಭಾಷೆಯಾಗಿದ್ದ ಆ ದಿನಗಳಲ್ಲಿ ಕಚೇರಿಯೂ ಅದನ್ನು ಹಗುರವೆಂದು ತಳ್ಳುವಂತಿರಲಿಲ್ಲ, ಬೀದಿಯ ಜನಕ್ಕೂ ಅದು ಪರಕೀಯವಲ್ಲ. ಅದರಲ್ಲಿ ಉಪದೇಶವಿಲ್ಲ, ಮುದ್ದೂ ಇಲ್ಲ. ಗೆಳೆತನವನ್ನೇ ಗಂಭೀರವಾಗಿ ಹೇಳಿದ ಹೆಸರದು.

ಈಗ ‘ಅಕ್ಷರ’ ಎಂಬ ಮಾತನ್ನು ನೋಡಿ. ನಾಶವಿಲ್ಲದ್ದು ಎಂಬ ಅರ್ಥವೂ, ಬರೆಹದ ಅಕ್ಷರ ಎಂಬ ಅರ್ಥವೂ ಕೂಡಿರುವ ಇದಕ್ಕಿಂತ ಘನವಾದ ಪದ ಎಲ್ಲಿದೆ? ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ಅಕ್ಷರ ಫೌಂಡೇಶನ್ ಈ ಹೆಸರಿನಿಂದಲೇ ಬೆಳೆದಿದೆ. ಆದರೆ ನಮ್ಮ ಸೀಮೆಯಲ್ಲಿ ಇಲ್ಲೊಂದು ತೊಡಕಿದೆ. ಶಾಲೆಯ ಮಧ್ಯಾಹ್ನದ ಬಿಸಿಯೂಟದ ಯೋಜನೆ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾಯಿತು. ಅದರ ಹೆಸರು ‘ಅಕ್ಷರ ದಾಸೋಹ’. ಅಂದಿನಿಂದ ಹಳ್ಳಿಗಳಲ್ಲಿ ‘ಅಕ್ಷರ’ ಎಂದರೆ ಅಡುಗೆಮನೆಯೂ ಅನ್ನಸಾರೂ ಕಣ್ಣಮುಂದೆ ಬರುತ್ತವೆ. ಹೊಸ ಸಂಸ್ಥೆ ಆ ಹೆಸರನ್ನಿಟ್ಟುಕೊಂಡರೆ ಊಟ ಎಷ್ಟು ಗಂಟೆಗೆ ಎಂದು ಕೇಳುವ ತಾಯಿಯ ಮೇಲೆ ಮುನಿಯಬಾರದು. ಒಂದು ಪದ ಕೋಶದಲ್ಲಿ ಏನೆಂದು ತಿಳಿದರೆ ಸಾಲದು. ಆ ಊರಿನಲ್ಲಿ ಅದನ್ನು ಈಗಾಗಲೇ ಯಾವ ಕೆಲಸಕ್ಕೆ ಹಚ್ಚಿದ್ದಾರೆ ಎಂಬುದನ್ನೂ ತಿಳಿಯಬೇಕು.

ಯಾದಗಿರಿ ಜಿಲ್ಲೆಯಲ್ಲಿಯೇ ದುಡಿಯುತ್ತಿರುವ, ಟಾಟಾ ಟ್ರಸ್ಟ್‌ಗಳ ಸಹಸಂಸ್ಥೆಯ ಹೆಸರು ‘ಕಲಿಕೆ’. ನನ್ನ ಮಟ್ಟಿಗೆ ಇದು ಒಳ್ಳೆಯ ಹೆಸರು. ಮೂರೇ ಅಕ್ಷರ, ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಇಲಾಖೆಯ ಕಾಗದಪತ್ರಗಳಲ್ಲಿ ಓಡಾಡುವ ಪದವಾದ್ದರಿಂದ ಅಧಿಕಾರಿಗೆ ಹಗುರವೆನಿಸದು. ‘ಕಲಿ’ ಎಂಬಲ್ಲಿ ಶೂರ ಎಂಬ ಅರ್ಥವೂ ಇಣುಕುತ್ತದೆ. ಅದು ಹುಡುಗರಿಗೆ ಪ್ರಿಯವೇ. ಕಲಿಸುವವನ ಹಿರಿಮೆಯನ್ನು ಹೇಳದೆ ಕಲಿಯುವವನ ಕೆಲಸವನ್ನು ಹೇಳುತ್ತದೆಂಬುದು ಇನ್ನೂ ದೊಡ್ಡ ಗುಣ.

ಇನ್ನು ಹೊಸದಾಗಿ ಹೆಸರಿಡುವವರು ಹೇಗೆ ಹೊರಡಬೇಕು? ಮಗುವಿನ ಓದಿನಿಂದಲೇ ಹೊರಡಬೇಕೆಂದು ನನ್ನ ಅಭಿಪ್ರಾಯ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪಿನಲ್ಲಿ ಬರುವವು ರ, ಗ, ಸ, ದ, ಅ. ಈ ಐದರಿಂದಲೇ ಅರಸ, ಸರ, ಗರಗಸ, ಅಗಸ ಎಂಬ ಪದಗಳನ್ನು ಮಗು ಓದತೊಡಗುತ್ತದೆ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ‘ವಿದ್ಯಾಜ್ಯೋತಿ’ಯನ್ನೋ ‘ಪ್ರತಿಷ್ಠಾನ’ವನ್ನೋ ಓದಬೇಕಾದರೆ ಮಗು ಈ ದಾರಿಯ ಕೊನೆಯವರೆಗೆ ಕಾಯಬೇಕು. ಈಗ ಶಹಾಪುರ, ಸುರಪುರಗಳ ಸೀಮೆಗೆ ಜನ ಕರೆಯುವ ಹೆಸರನ್ನು ನೆನೆಯಿರಿ: ಸಗರನಾಡು. ಸ, ಗ, ರ. ಮೂರೂ ಮೊದಲ ಗುಂಪಿನವೇ! ತನ್ನ ನಾಡಿನ ಹೆಸರನ್ನು ಮಗು ಶಾಲೆಗೆ ಸೇರಿದ ಮೊದಲ ದಿನಗಳಲ್ಲಿಯೇ ಓದಬಲ್ಲದು. ಯಾವ ಪಂಡಿತನೂ ಯೋಜಿಸದೆ ಒದಗಿ ಬಂದ ಭಾಗ್ಯವಿದು.

ಆದರೆ ‘ಸಗರ’ ಒಂದೇ ಸಾಲದು. ಶಿವಮೊಗ್ಗ ಜಿಲ್ಲೆಯಲ್ಲಿ ಸಾಗರವಿದೆ. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಒಂದೇ ಆಗುತ್ತವೆ, ಬ್ಯಾಂಕಿನ ಪುಸ್ತಕದಲ್ಲಿಯೂ ಅಂಚೆಯಲ್ಲಿಯೂ ಗೊಂದಲ ತಪ್ಪದು. ‘ಸಗರನಾಡು’ ಎಂದರೆ ಆ ತೊಂದರೆಯಿಲ್ಲ. ಜಿಲ್ಲೆಯ ಹೆಸರಿಗಿಂತ ಇದು ಬಾಳಿಕೆಯದೂ ಹೌದು. ಸುರಪುರದಲ್ಲಿ 2005ರಲ್ಲಿ ‘ಗುಲ್ಬರ್ಗಾ ಜಿಲ್ಲಾ’ ಎಂದು ಆರಂಭಿಸಿ ಹೆಸರಿಟ್ಟವರು, 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದಾಗ ಜಿಲ್ಲೆಯನ್ನೂ, 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾದಾಗ ಊರಿನ ಹೆಸರನ್ನೂ ಕಳೆದುಕೊಂಡಿರುತ್ತಿದ್ದರು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ವೂ ‘ಕಲ್ಯಾಣ ಕರ್ನಾಟಕ’ವಾಯಿತು. ಹೆಸರು ತಿದ್ದಬೇಕಾದರೆ ಸರ್ವಸದಸ್ಯರ ಸಭೆ, ನಿರ್ಣಯ, ನೋಂದಣಿ, ಬ್ಯಾಂಕು, ಮೊಹರು ಎಲ್ಲವೂ ಮತ್ತೆ ಮೊದಲಿನಿಂದ. ಗುರುಮಠಕಲ್ ಕಡೆಯವರಿಗೆ ಸಗರನಾಡು ತಮ್ಮದೆನಿಸಲಿಕ್ಕಿಲ್ಲ ಎಂಬುದು ನಿಜ; ಮುಂದೆ ಅಲ್ಲಿಗೂ ಹೋಗುವ ಉದ್ದೇಶವಿದ್ದವರು ನಾಡಿನ ಹೆಸರನ್ನು ಬಿಡುವುದೇ ಲೇಸು.

ಎರಡನೆಯ ಪದಕ್ಕೆ ‘ಓದು’ ಸಾಕು. ನಮ್ಮ ಕಡೆ ‘ಓದಿದಾಂವ’ ಎಂದರೆ ಪುಸ್ತಕ ಹಿಡಿದು ಓದಿದವನಷ್ಟೇ ಅಲ್ಲ, ವಿದ್ಯಾವಂತ. ವಿದ್ಯೆಯ ತೂಕವೆಲ್ಲ ಈ ಎರಡು ಅಕ್ಷರಗಳಲ್ಲಿಯೇ ಇರುವಾಗ ‘ಶೈಕ್ಷಣಿಕ’ ಎಂಬುದನ್ನು ಹೊರುವುದೇಕೆ?

ಬಾಲದ ಪದದ ವಿಷಯದಲ್ಲಿ ಮಾತ್ರ ನಿಧಾನಿಸಬೇಕು. ‘ಸಂಘ’ ಎಂದರೆ ಹಳ್ಳಿಯ ಹೆಂಗಸರಿಗೆ ಉಳಿತಾಯ, ಸಾಲದ ಕಂತು ನೆನಪಾಗುತ್ತದೆ. ‘ಫೌಂಡೇಶನ್’ ಎಂದರೆ ದುಡ್ಡು ಕೊಡುವವರೆಂದು ಭಾವಿಸುತ್ತಾರೆ. ‘ಓದುಕಟ್ಟೆ’ ಎಂದು ಇಡಬೇಕೆನ್ನುವ ಗೆಳೆಯರಿದ್ದಾರೆ; ಪದ ಚೆನ್ನಾಗಿದೆ, ದೇಸಿಯಾಗಿದೆ. ಆದರೆ ಊರ ಕಟ್ಟೆಯ ಮೇಲೆ ಕುಳಿತವರು ಯಾರು? ಗಂಡಸರು, ಅವರಲ್ಲಿಯೂ ಎಲ್ಲರೂ ಅಲ್ಲ. ಕಟ್ಟೆಯೇರಲು ಹಿಂಜರಿಯುವುದನ್ನೇ ತಲೆತಲಾಂತರದಿಂದ ಕಲಿತ ಕೇರಿಯ ಹುಡುಗಿಗೆ ಆ ಪದ ಆಮಂತ್ರಣವೆನಿಸದು. ‘ಓದುಮನೆ’ ಎಂದರೂ ಯಾರ ಮನೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ನನಗೆ ‘ಬಳಗ’ ಒಪ್ಪುತ್ತದೆ. ಹಳ್ಳಿಯಲ್ಲಿ ಬಳಗವೆಂದರೆ ಉಂಡು ಕೂಡಬಲ್ಲವರು, ರಕ್ತಸಂಬಂಧಿಗಳು. ದಲಿತರ ಕೇರಿ, ಬೇಡರ ಓಣಿ, ಲಂಬಾಣಿ ತಾಂಡಾ, ಮುಸಲ್ಮಾನರ ಮೊಹಲ್ಲಾಗಳ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಇದು ಬಳಗ ಎನ್ನುವುದು ಸಣ್ಣ ಮಾತಲ್ಲ. ಈ ಹೆಸರಿನ ಗಾಂಭೀರ್ಯವೆಲ್ಲ ಅಲ್ಲಿದೆ. ‘ಳ’ಕಾರ ಉರ್ದುವಿನಲ್ಲಿಲ್ಲ, ಉರ್ದು ಮನೆಮಾತಿನ ಮಗು ‘ಬಲಗ’ ಎಂದೀತು. ಎನ್ನಲಿ.

ಹೀಗೆ ‘ಸಗರನಾಡು ಓದು ಬಳಗ’ ಎಂದು ನೋಂದಣಿ. ಬಾಯಲ್ಲಿ ‘ಓದು ಬಳಗ’. ಸಭೆಯಲ್ಲಿ ತೀರ್ಮಾನಿಸುವ ಮುನ್ನ ಒಂದು ವಾರ ಇದನ್ನು ಓಣಿಯಲ್ಲಿ ಓಡಾಡಲು ಬಿಡಬೇಕು. “ಎಲ್ಲಿಗಿ ಹೊಂಟಿ?” ಎಂದು ಅಜ್ಜಿ ಕೇಳಿದಾಗ ಮಗು ತಡವರಿಸದೆ “ಬಳಗಕ್ಕ ಹೊಂಟೀನಿ” ಎಂದರೆ ಹೆಸರು ನಿಂತಿತು. “ಅದೇ, ಸಂಜೀಕ ಕಲಸ್ತಾರಲ್ಲ, ಅಲ್ಲಿಗಿ” ಎಂದು ಸುತ್ತಿ ಹೇಳಿದರೆ ನಾವಿಟ್ಟ ಹೆಸರು ಹಾಳೆಯಲ್ಲಿಯೇ ಉಳಿದಿದೆಯೆಂದು ತಿಳಿದು ಬೇರೆಯದನ್ನು ಹುಡುಕಬೇಕು. ಅರ್ಜಿ ಸಲ್ಲಿಸುವುದಕ್ಕಿಂತ ಮೊದಲೇ ಇದು ಗೊತ್ತಾದರೆ ಖರ್ಚೂ ಇಲ್ಲ.

ಹಲಗೆ ಬರೆಸುವಾಗ ಹೆಸರನ್ನು ಮೇಲೆ ದಪ್ಪಕ್ಷರದಲ್ಲಿ ಬರೆಸಿ, ನೋಂದಣಿ ಸಂಖ್ಯೆಯನ್ನು ಕೆಳಗೆ ಸಣ್ಣದಾಗಿ ಹಾಕಿಸಿರಿ. ಹಲಗೆಯನ್ನು ಬಾಗಿಲ ಮೇಲೆ ತೂಗಹಾಕದೆ ಪಕ್ಕದ ಗೋಡೆಗೆ, ಹತ್ತು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಹಚ್ಚಿಸಿರಿ. ಬೆರಳಿಟ್ಟು ಓದಿದ ಮಕ್ಕಳಿಂದ ಬಣ್ಣ ಬೇಗ ಮಾಸುತ್ತದೆ; ವರ್ಷಕ್ಕೊಮ್ಮೆ ಮತ್ತೆ ಬರೆಸಬೇಕಾಗುತ್ತದೆ.