ಸರ್ಟಿಫಿಕೇಟು ಕೊಟ್ಟವರು ಯಾರು?

(ಖಸಬ್‌ನಲ್ಲಿ ನಮ್ಮ ಕನ್ನಡಿಗರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಈ ದೇಶದಲ್ಲಿ ಸೆಕ್ಯೂರಿಟಿ ಕೆಲಸದಲ್ಲೇ ಇರುವವನು ನಾನು, ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಹೇಳುತ್ತೇನೆ. ನೀವು ಕೈಯಲ್ಲಿ ಹಿಡಿದುಕೊಂಡು ಬರುವ ಟ್ರೈನಿಂಗ್ ಸರ್ಟಿಫಿಕೇಟು ಕೊಟ್ಟವರಿಗೆ ಅದನ್ನು ಕೊಡುವ ಅಧಿಕಾರ ಇತ್ತಾ, ಅದನ್ನು ತಿಳಿಯುವುದು ಹೇಗೆ, ಇಷ್ಟೇ.

ಕಳೆದ ವರ್ಷ ಕುಂದಾಪುರ ಕಡೆಯ ಒಬ್ಬ ಹುಡುಗ ನನ್ನ ರೂಮಿಗೆ ಬಂದ. ಊರಿಗೆ ಹೋದಾಗ ಮಾಡಿಸಿಕೊಂಡ ಡಿಪ್ಲೊಮಾ ಅವನ ಕೈಲಿತ್ತು: ‘ಸೆಕ್ಯೂರಿಟಿ ಗಾರ್ಡ್, ಫೈರ್ ಸೇಫ್ಟಿ ಮತ್ತು ಡಿಸಾಸ್ಟರ್ ಮ್ಯಾನೇಜ್‌ಮೆಂಟ್’, ಮೂರೂ ಒಂದೇ ಕಾಗದದಲ್ಲಿ. ಚಿನ್ನದ ಬಣ್ಣದ ಸೀಲು, ಅಶೋಕಸ್ತಂಭದಂಥ ಒಂದು ಚಿತ್ರ. ದುಬೈ ಕಡೆ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತ ಅವನ ಆಸೆ. ಅದಕ್ಕೆ ಅಟೆಸ್ಟೇಷನ್ ಮಾಡಿಸಿಕೊಡುತ್ತೇವೆ, ಇನ್ನೂ 18,000 ರೂಪಾಯಿ ಕಳಿಸು ಅಂತ ಆ ಸಂಸ್ಥೆಯವರು ಕೇಳಿದ್ದರು. ಹಣ ಇನ್ನೂ ಹೋಗಿರಲಿಲ್ಲ. ಇಬ್ಬರೂ ಕೂತು ಆ ಕಾಗದವನ್ನು ಓದಿದೆವು.

ಮೊದಲು ತಾರೀಖು ನೋಡಿದೆವು. 5ರಿಂದ 9ರವರೆಗೆ, ಐದು ದಿನ. ಭಾರತದಲ್ಲಿ ಖಾಸಗಿ ಸೆಕ್ಯೂರಿಟಿಗೆ 2005ರ ಕಾಯ್ದೆ ಇದೆ, ಪಸಾರಾ ಅಂತ ಕರೆಯುತ್ತಾರೆ. ಅದರ ಕೆಳಗಿನ ಕೇಂದ್ರ ಮಾದರಿ ನಿಯಮದ ಪ್ರಕಾರ ಗಾರ್ಡ್ ಆಗುವವನಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ. ಮಾಜಿ ಸೈನಿಕರಿಗೆ, ಪೊಲೀಸರಿಗೆ ಮಾತ್ರ ಕಡಿಮೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವಿಪತ್ತು ನಿರ್ವಹಣೆ ಇವೆಲ್ಲ ಆ 160 ಗಂಟೆಯ ಒಳಗೇ ಬರುವ ಪಾಠಗಳು. ಇವನ ಐದು ದಿನಕ್ಕೆ ಹಂಚಿದರೆ ದಿನಕ್ಕೆ 32 ಗಂಟೆ ಆಯ್ತು! ನಗು ಬಂತು, ಆದರೆ ಅವನ ಮುಖ ನೋಡಿ ಸುಮ್ಮನಾದೆ.

ಆಮೇಲೆ ಕೆಳಗಿನ ಸಣ್ಣ ಅಕ್ಷರ. ‘ಸರ್ಕಾರದಿಂದ ನೋಂದಾಯಿತ’ ಅಂತಿತ್ತು, ಪಕ್ಕದಲ್ಲಿ ಸೊಸೈಟಿ ನಂಬರು, ಎಂಎಸ್‌ಎಂಇ ನಂಬರು, ಐಎಸ್‌ಒ 9001. ಮೂರೂ ನಿಜವೇ ಇರಬಹುದು. ಆದರೆ ನೋಂದಣಿ ಬೇರೆ, ಮಾನ್ಯತೆ ಬೇರೆ. ನಮ್ಮೂರಿನ ಯುವಕ ಸಂಘವೂ ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದೆ, ಅದು ಗಾರ್ಡ್ ಸರ್ಟಿಫಿಕೇಟು ಕೊಡೋಕೆ ಆಗುತ್ತಾ? ಐಎಸ್‌ಒ 9001 ಹೇಳುವುದು ಆಫೀಸು ನಡೆಸುವ ಪದ್ಧತಿಯ ಬಗ್ಗೆ; ಪಾಠಕ್ಕೆ ಸರ್ಕಾರದ ಒಪ್ಪಿಗೆ ಇದೆ ಅನ್ನುವುದರ ಬಗ್ಗೆ ಅಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಗಾರ್ಡ್ ತರಬೇತಿಗೆ ಪ್ರತಿ ರಾಜ್ಯದಲ್ಲೂ ಪಸಾರಾ ಕಾಯ್ದೆಯ ಕಂಟ್ರೋಲಿಂಗ್ ಅಥಾರಿಟಿ ಇದ್ದಾರೆ. ಊರಲ್ಲಿರುವ ತಮ್ಮನೋ ಭಾವನೋ 10 ರೂಪಾಯಿ ಕಟ್ಟಿ ಗೃಹ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ: ‘ಈ ಹೆಸರಿನ, ಈ ವಿಳಾಸದ ಸಂಸ್ಥೆಗೆ ಗಾರ್ಡ್ ತರಬೇತಿ ಕೊಡಲು ನಿಮ್ಮ ಮಾನ್ಯತೆ ಈ ತಾರೀಖಿನಲ್ಲಿ ಇತ್ತೇ?’ 30 ದಿನದಲ್ಲಿ ಉತ್ತರ ಕೊಡಬೇಕು. ಏಜೆನ್ಸಿಯ ಲೈಸೆನ್ಸ್ ತೋರಿಸಿದರೆ ಒಪ್ಪಬೇಡಿ. ಅದು ಗಾರ್ಡುಗಳನ್ನು ಒದಗಿಸುವ ಲೈಸೆನ್ಸು, ಅದೂ ಆ ರಾಜ್ಯಕ್ಕೆ ಮಾತ್ರ.

ಫೈರ್ ಕೋರ್ಸಿಗೆ ಹೆಸರಿನಲ್ಲೇ ಮೋಸ ಹೋಗುತ್ತಾರೆ. ನಾಗ್ಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜು ಕೇಂದ್ರ ಗೃಹ ಸಚಿವಾಲಯದ್ದು. ಒಂದು ಶಬ್ದ ಆಚೀಚೆ ಮಾಡಿದರೆ ಅದೇ ಥರ ಕೇಳಿಸುವ ಹೆಸರು ಸಿಕ್ಕಿಬಿಡುತ್ತದೆ. ಅದಕ್ಕೇ ಪೂರ್ತಿ ಹೆಸರು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಆ ಹುಡುಗನ ಕಾಗದದಲ್ಲಿ ಕ್ಯೂಆರ್ ಕೋಡ್ ಕೂಡ ಇತ್ತು. ಸ್ಕ್ಯಾನ್ ಮಾಡಿದರೆ ಹಸಿರು ಬಣ್ಣದಲ್ಲಿ ‘ವೆರಿಫೈಡ್’ ಅಂತ ಬಂತು! ಆದರೆ ಮೇಲಿನ ವಿಳಾಸ ನೋಡಿದರೆ ಅದೇ ಸಂಸ್ಥೆಯ ವೆಬ್‌ಸೈಟು. ಕಳ್ಳನ ಸಾಕ್ಷಿ ಅವನ ಜೇಬಿನಲ್ಲೇ ಇದ್ದ ಹಾಗೆ. ವೆಬ್‌ಸೈಟಿನ ಹೆಸರಿನ ಕೊನೆ `.gov.in` ಇದೆಯಾ ನೋಡಿ. ಕಾಗದದ ಮೇಲಿರುವ ಫೋನ್ ನಂಬರಿಗೂ ಮಾಡಬೇಡಿ, ಇಲಾಖೆಯ ವೆಬ್‌ಸೈಟಿನಿಂದ ನಂಬರು ತೆಗೆದು ಮಾಡಿ.

ಇನ್ನು ಆ 18,000. ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸ್ಟಿಕ್ಕರ್ ಬಿದ್ದರೆ ಸರ್ಟಿಫಿಕೇಟು ಅಸಲಿ ಆಗಿಬಿಡುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ದೃಢಪಡಿಸುವುದು ಸಹಿ ಮತ್ತು ಸೀಲನ್ನು. ಒಳಗಿನ ಪಾಠ ನಡೆಯಿತಾ, ಕೊಟ್ಟವನಿಗೆ ಹಕ್ಕಿತ್ತಾ ಅಂತ ಅದು ನೋಡುವುದಿಲ್ಲ. ಹಾಗಾಗಿ ಮೊದಲು ಮಾನ್ಯತೆ, ಆಮೇಲೆ ಅಟೆಸ್ಟೇಷನ್. ಉಲ್ಟಾ ಮಾಡಿದರೆ ಕೆಟ್ಟ ಕಾಗದಕ್ಕೆ ಒಳ್ಳೆ ಸ್ಟಿಕ್ಕರ್ ಅಂಟಿಸಿದ ಹಾಗೆ.

ಎಲ್ಲ ಸರಿ ಇದ್ದರೂ ಊರಿನ ಸರ್ಟಿಫಿಕೇಟು ಗಡಿ ದಾಟಿದ ಮೇಲೆ ತಾನಾಗಿ ನಡೆಯುವುದಿಲ್ಲ. ದುಬೈನಲ್ಲಿ ಗಾರ್ಡ್ ಕೆಲಸಕ್ಕೆ ಸಿರಾ ಅನ್ನುವ ಅಲ್ಲಿಯ ಸರ್ಕಾರಿ ಸಂಸ್ಥೆಯ ಅನುಮತಿ ಬೇಕು. ಇಲ್ಲಿ ಒಮಾನಿನಲ್ಲಿ ಬೆಂಕಿಯ ಸುರಕ್ಷತೆ ಸಿವಿಲ್ ಡಿಫೆನ್ಸ್ ಮತ್ತು ಆಂಬ್ಯುಲೆನ್ಸ್ ಪ್ರಾಧಿಕಾರದ ಕೆಳಗೆ ಬರುತ್ತದೆ. ಊರಲ್ಲಿ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ, ಕೆಲಸ ಕೊಡುವ ಕಂಪನಿಗೆ ಒಂದು ಇಮೇಲ್ ಮಾಡಿ: ನಿಮಗೆ ಯಾರು ಕೊಟ್ಟ ಸರ್ಟಿಫಿಕೇಟು ಬೇಕು? ಉತ್ತರ ಬರಹದಲ್ಲೇ ಬರಲಿ.

ಆ ಹುಡುಗ ಹಣ ಕಳಿಸಲಿಲ್ಲ. ಅವನ ಅಣ್ಣ ಊರಿನಿಂದ ಅರ್ಜಿ ಹಾಕಿದ. ಆ ಹೆಸರಿನ ಸಂಸ್ಥೆ ನಮ್ಮ ದಾಖಲೆಯಲ್ಲಿ ಇಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಕಟ್ಟಿದ ಫೀಸು ವಾಪಸ್ ಕೇಳಲು ಆ ಎರಡು ಸಾಲನ್ನೇ ಲಗತ್ತಿಸಿ ಈಗ ಸಂಸ್ಥೆಗೆ ನೋಟಿಸ್ ಕಳಿಸಿದ್ದಾರೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಕಾಗದ ಇದ್ದರೆ ಶುಕ್ರವಾರ ತನ್ನಿ, ಕೂತು ಓದೋಣ.