ಬಾಯಿಮಾತಿಗೆ ಬಿಲ್ ಕಟ್ಟುವ ಪೆಟ್ಟಿಗೆ

ಮನೆಯ ಮೂಲೆಯಲ್ಲಿ ಕೂತು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವ ಸ್ಮಾರ್ಟ್ ಸ್ಪೀಕರ್ ಬಗ್ಗೆ ಇವತ್ತು ಮಾತಾಡೋಣ. ಅದರಲ್ಲೂ, ಬಾಯಲ್ಲಿ ಹೇಳಿದರೆ ಬಿಲ್ ಕಟ್ಟುತ್ತದಲ್ಲ, ಆ ವಿದ್ಯೆಯ ಬಗ್ಗೆ. ಆದರೆ ಭಾಷಣ ಮುಗಿಯುವ ತನಕ ನಾನು ಆ ಪೆಟ್ಟಿಗೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಮೆಜಾನ್ ಕಂಪನಿಯದು ಅಂತಷ್ಟೇ ಹೇಳುತ್ತೇನೆ. ಕೆಲವರು ಕಂಪನಿಯ ಹೆಸರನ್ನೇ ಅದನ್ನು ಎಬ್ಬಿಸುವ ಪದವಾಗಿ ಇಟ್ಟುಕೊಂಡಿರುತ್ತಾರೆ. ಅಂಥವರ ಮನೆಯಲ್ಲಿ ಈಗಾಗಲೇ ದೀಪ ಹೊತ್ತಿಕೊಂಡಿದ್ದರೆ ಕ್ಷಮೆ ಇರಲಿ.

ಹೆಸರು ಹೇಳದಿರುವುದಕ್ಕೆ ಕಾರಣವಿದೆ. 2017ರ ಜನವರಿ. ಅಮೆರಿಕದ ಡಲ್ಲಾಸ್ ನಗರದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಮನೆಯ ಸ್ಪೀಕರ್ ಜೊತೆ ಹರಟೆ ಹೊಡೆಯುತ್ತಾ, ನನಗೊಂದು ಗೊಂಬೆಮನೆ ತರಿಸಿಕೊಡು ಅಂದಳು. ನೂರೈವತ್ತು ಡಾಲರಿಗೂ ಹೆಚ್ಚು ಬೆಲೆಯ ಗೊಂಬೆಮನೆ, ಜೊತೆಗೆ ಸುಮಾರು ಎರಡು ಕಿಲೋ ಬಿಸ್ಕತ್ತು ಮನೆ ಬಾಗಿಲಿಗೆ ಬಂದವು. ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಸ್ಯಾನ್ ಡಿಯೇಗೋದ ಟಿವಿ ವಾಹಿನಿಯೊಂದರ ನಿರೂಪಕ ಈ ಕತೆಯನ್ನು ಹೇಳುವಾಗ ಹುಡುಗಿ ಆಡಿದ ಮಾತನ್ನೇ ತಾನೂ ಆಡಿ ತೋರಿಸಿದ. ನಮ್ಮ ಮನೆಯ ಸ್ಪೀಕರೂ ಗೊಂಬೆಮನೆ ಆರ್ಡರ್ ಮಾಡಲು ಹೊರಟಿತು ಅಂತ ನೋಡುತ್ತಿದ್ದವರು ವಾಹಿನಿಗೆ ದೂರು ಕೊಟ್ಟರು. ಟಿವಿಯಲ್ಲಿ ಆದದ್ದು ರೇಡಿಯೋದಲ್ಲೂ ಆಗಬಹುದು.

ಇದೇ ಮಾತನ್ನು ಮಡಕಶಿರಾದ ಒಂದು ಮನೆಯಲ್ಲಿ ಮಗು ಆಡಿದ್ದರೆ? ಬಹುಶಃ ಏನೂ ಬರುತ್ತಿರಲಿಲ್ಲ. ನಮ್ಮ ಮಕ್ಕಳು ಹೆಚ್ಚು ಜಾಣರು ಅಂತಲ್ಲ, ನಮ್ಮ ಪೆಟ್ಟಿಗೆ ಬೇರೆ ಅಂತಲೂ ಅಲ್ಲ. ಕಾರಣ ಇರುವುದು ಬ್ಯಾಂಕಿನ ನಿಯಮದಲ್ಲಿ. ಅದನ್ನು ಹೇಳುವ ಮೊದಲು ಒಂದು ಗೊಂದಲ ಬಿಡಿಸಬೇಕು.

ರಾಯದುರ್ಗದ ಬಟ್ಟೆ ಅಂಗಡಿಯಲ್ಲೋ ಮಡಕಶಿರಾದ ಟೀ ಅಂಗಡಿಯಲ್ಲೋ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಸಣ್ಣ ಸ್ಪೀಕರ್ ಇರುತ್ತದಲ್ಲ, "ಇಷ್ಟು ರೂಪಾಯಿ ಬಂದಿದೆ" ಅಂತ ಕೂಗುವಂಥದ್ದು. ಫೋನ್‌ಪೇ ಕಂಪನಿ ತನ್ನ ಈ ಪೆಟ್ಟಿಗೆಗೆ ಸ್ಮಾರ್ಟ್ ಸ್ಪೀಕರ್ ಅಂತಲೇ ಹೆಸರಿಟ್ಟಿದೆ. ಅದರಲ್ಲಿ ತೆಲುಗಿಗೆ ಮಹೇಶ್ ಬಾಬು ದನಿ, ಕನ್ನಡಕ್ಕೆ ಕಿಚ್ಚ ಸುದೀಪ್ ದನಿ. ಎರಡು ಭಾಷೆಯೂ ಓಡಾಡುವ ನಮ್ಮ ಗಡಿ ಊರುಗಳಲ್ಲಿ ಯಾವ ನಟ ಕೂಗಬೇಕು ಅನ್ನುವುದು ಅಂಗಡಿಯವರ ಇಷ್ಟ. ಆದರೆ ಅದು ಬಾಯಿ ಮಾತ್ರ ಇರುವ ಪೆಟ್ಟಿಗೆ, ಕಿವಿ ಇಲ್ಲ. ದುಡ್ಡು ಬಂದ ಮೇಲೆ ಸಾರುವುದಷ್ಟೇ ಅದರ ಕೆಲಸ. ನೀವು ಅದರ ಮುಂದೆ ಏನೇ ಹೇಳಿದರೂ ಒಂದು ಪೈಸೆ ಆಚೆ ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಕಿವಿ ಇರುವ ಪೆಟ್ಟಿಗೆಯ ಬಗ್ಗೆ.

ಆ ಕಿವಿ ಎರಡು ಹಂತದಲ್ಲಿ ಕೇಳಿಸಿಕೊಳ್ಳುತ್ತದೆ. ಮೊದಲ ಹಂತ ಪೆಟ್ಟಿಗೆಯ ಒಳಗೇ ನಡೆಯುತ್ತದೆ. ಅಲ್ಲಿರುವ ಚಿಕ್ಕ ಪ್ರೋಗ್ರಾಮಿಗೆ ಗೊತ್ತಿರುವುದು ಒಂದೇ ಪದ, ತನ್ನ ಹೆಸರು. ಕೋಣೆಯ ಸದ್ದನ್ನು ಅದು ಸದಾ ಆಲಿಸುತ್ತಿರುತ್ತದೆ. ಆದರೆ ಕೇಳಿದ್ದನ್ನು ಕೆಲವೇ ಸೆಕೆಂಡುಗಳ ಮಟ್ಟಿಗೆ ಹಿಡಿದಿಟ್ಟು, ಹೆಸರು ಇಲ್ಲವಾದರೆ ಅದರ ಮೇಲೇ ಹೊಸ ಸದ್ದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ. ಹೆಸರಿನಂತೆ ಕೇಳಿಸಿದ ಕೂಡಲೇ ದೀಪ ನೀಲಿಯಾಗುತ್ತದೆ, ಆ ಹೆಸರೂ ಅಲ್ಲಿಂದಾಚೆಯ ಮಾತೂ ಇಂಟರ್ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರುಗಳಿಗೆ ಹೋಗುತ್ತವೆ. ಎರಡನೆಯ ಹಂತ ಅಲ್ಲಿ. ನಿಜಕ್ಕೂ ಹೆಸರು ಹಿಡಿದು ಕರೆದರೋ ಇಲ್ಲವೋ ಅಂತ ಆ ಕಂಪ್ಯೂಟರು ಇನ್ನೊಮ್ಮೆ ಪರೀಕ್ಷಿಸುತ್ತದೆ. ಕರೆದಿಲ್ಲ ಅನಿಸಿದರೆ ಅಲ್ಲೇ ಬಿಟ್ಟುಬಿಡುತ್ತದೆ. ಯಾರೂ ಕರೆಯದೆ ದೀಪ ಒಮ್ಮೆ ಹೊತ್ತಿ, ಸದ್ದಿಲ್ಲದೆ ಆರಿದ್ದನ್ನು ನೀವು ನೋಡಿದ್ದರೆ, ಅದು ಬಹುಮಟ್ಟಿಗೆ ಇದೇ.

ಟಿವಿ ಜಾಹೀರಾತುಗಳಿಗೂ ಹೀಗೊಂದು ತಡೆ ಇದೆ. ಕಂಪನಿ ತನ್ನ ಜಾಹೀರಾತುಗಳ ಧ್ವನಿಗುರುತನ್ನು ಮೊದಲೇ ಸಂಗ್ರಹಿಸಿಡುತ್ತದೆ. ಹಾಗಾಗಿ ಜಾಹೀರಾತಿನಲ್ಲಿ ಹೆಸರು ಬಂದರೂ ಪೆಟ್ಟಿಗೆಗಳು ಸುಮ್ಮನಿರುತ್ತವೆ. ನನ್ನ ಈ ಭಾಷಣದ ಧ್ವನಿಗುರುತು ಯಾರ ಬಳಿಯೂ ಇಲ್ಲವಲ್ಲ, ಅದಕ್ಕೇ ನನಗಿಷ್ಟು ಎಚ್ಚರ.

ಈಗ ದುಡ್ಡಿನ ವಿಷಯ. ಒಂದು ಲೆಕ್ಕ ಹಾಕೋಣ. ಮಡಕಶಿರಾದ ಒಂದು ಮನೆಗೆ ಈ ತಿಂಗಳು 842 ರೂಪಾಯಿ ಕರೆಂಟ್ ಬಿಲ್ ಬಂದಿದೆ ಅಂದುಕೊಳ್ಳಿ. ಮನೆಯ ಯಜಮಾನಿ ತನ್ನ ಸರ್ವಿಸ್ ನಂಬರನ್ನು ಮೊದಲೇ ಫೋನಿನಲ್ಲಿ, ಅಮೆಜಾನ್ ಪೇ ಖಾತೆಯಲ್ಲಿ ಸೇರಿಸಿಟ್ಟಿದ್ದಾಳೆ. ಪೆಟ್ಟಿಗೆಯ ಹೆಸರು ಕೂಗಿ, ಕರೆಂಟ್ ಬಿಲ್ ಕಟ್ಟು ಅಂತ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುತ್ತಾಳೆ. ಅಲ್ಲಿನ ಕಂಪ್ಯೂಟರು ಮಾತನ್ನು ಅಕ್ಷರಕ್ಕಿಳಿಸಿ, ಅದರಿಂದ ಎರಡು ಸಂಗತಿ ಹೆಕ್ಕಿಕೊಳ್ಳುತ್ತದೆ: ಕೆಲಸ ಬಿಲ್ ಕಟ್ಟುವುದು, ಬಿಲ್ಲು ವಿದ್ಯುತ್ತಿನದು. ಉಳಿದ ವಿವರ ಖಾತೆಯಲ್ಲೇ ಇದೆ. ಬಿಲ್ಲಿನ ಮೊತ್ತವನ್ನು ತರಿಸಿಕೊಂಡು ಪೆಟ್ಟಿಗೆ ಕೇಳುತ್ತದೆ, 842 ರೂಪಾಯಿ ಇದೆ, ಕಟ್ಟಲೇ? ಹೌದು ಅಂದರೆ ಮುಂದೆ. ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಇಟ್ಟಿದ್ದರೆ ಅದನ್ನೂ ಕೇಳುತ್ತದೆ. ಆಮೇಲೆ ಅಮೆಜಾನ್ ಪೇ ಬ್ಯಾಲೆನ್ಸ್‌ನಿಂದ ಹಣ ಹೋಗಿ, ಫೋನಿಗೆ ಸಂದೇಶ ಬರುತ್ತದೆ. ಅಮೆಜಾನ್ ಭಾರತದಲ್ಲಿ ಈ ಸೌಲಭ್ಯ ತಂದದ್ದು 2020ರಲ್ಲಿ.

ಇಲ್ಲಿ ಹಣ ಹೋದದ್ದು ಬ್ಯಾಂಕ್ ಖಾತೆಯಿಂದಲ್ಲ, ಮೊದಲೇ ತುಂಬಿಟ್ಟ ವ್ಯಾಲೆಟ್‌ನಿಂದ. ಇದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಕಾರ್ಡ್ ಉಜ್ಜದೆ, ಅಂದರೆ ಆನ್‌ಲೈನಿನಲ್ಲಿ, ಕೊಡುವ ಹಣಕ್ಕೆ ಇನ್ನೊಂದು ಗುರುತು ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಕಟ್ಟುಮಾಡಿತು. ನಾವು ಒತ್ತುವ ಓಟಿಪಿಯ ಮೂಲ ಅದೇ. 2011ರಲ್ಲಿ ಅದೇ ನಿಯಮ ಫೋನಿನಲ್ಲಿ ಧ್ವನಿಯ ಸೂಚನೆ ಕೇಳಿ ಹಣ ಕಟ್ಟುವ ವ್ಯವಸ್ಥೆಗೂ ಬಂತು. ಅಮೆರಿಕದಲ್ಲಿ ಹಾಗಲ್ಲ. ಡಲ್ಲಾಸಿನ ಹುಡುಗಿಯ ಮನೆಯಲ್ಲಿ ಕಾರ್ಡಿನ ವಿವರ ಕಂಪನಿಯ ಬಳಿ ಇತ್ತು, ಮಾತು ಕೇಳಿದ ಮೇಲೆ ಹಣ ತೆಗೆದುಕೊಳ್ಳಲು ಇನ್ನಾರ ಒಪ್ಪಿಗೆಯೂ ಬೇಕಿರಲಿಲ್ಲ. ನಮ್ಮಲ್ಲಿ ಓಟಿಪಿ ದೊಡ್ಡವರ ಫೋನಿಗೆ ಬರುತ್ತಿತ್ತು, ಗೊಂಬೆಮನೆ ಅಲ್ಲೇ ನಿಲ್ಲುತ್ತಿತ್ತು.

ಯುಪಿಐ ಕೂಡ ಹೀಗೇ. ಪಿನ್ ಒತ್ತುವ ಪರದೆ ನಿಮ್ಮ ಫೋನಿನದು, ಪಿನ್ ಅನ್ನು ಯಾವ ಸ್ಪೀಕರಿಗೂ ಹೇಳುವ ಹಾಗಿಲ್ಲ. ಬಟನ್ ಫೋನಿನವರಿಗಾಗಿ 2022ರ ಮಾರ್ಚ್‌ನಲ್ಲಿ ಶುರುವಾದ ಯುಪಿಐ 123ಪೇ ವ್ಯವಸ್ಥೆಯಲ್ಲೂ, ಕರೆ ಮಾಡಿ ದನಿ ಕೇಳುತ್ತಾ ಹೋದರೂ, ಪಿನ್ ಮಾತ್ರ ಬಟನ್ ಒತ್ತಿಯೇ ಕೊಡಬೇಕು. ನಿಮ್ಮ ಯುಪಿಐ ಪಿನ್ ಬಾಯಲ್ಲಿ ಹೇಳಿ ಅಂತ ಯಾರಾದರೂ ಕೇಳಿದರೆ, ಕೇಳುತ್ತಿರುವುದು ಕಳ್ಳ ಅಂತ ತಿಳಿದು ಫೋನ್ ಇಡಿ.

ಹಾಗಾದರೆ ಸೋರುವುದು ಎಲ್ಲಿ? ವ್ಯಾಲೆಟ್‌ನಲ್ಲಿ. ಅಲ್ಲಿ ಓಟಿಪಿ ಇಲ್ಲದೆ ಸಣ್ಣಪುಟ್ಟ ಹಣ ಹೋಗಬಹುದು. ಗುಟ್ಟಿನ ಸಂಖ್ಯೆ ಇಡದಿದ್ದರೆ, ಹೌದು ಅನ್ನುವ ಒಂದು ಮಾತು ಸಾಕು, ಅದನ್ನು ಮಗುವೂ ಅನ್ನಬಹುದು. ಗುಟ್ಟಿನ ಸಂಖ್ಯೆ ಇಟ್ಟರೂ ಅದನ್ನು ಜೋರಾಗಿಯೇ ಹೇಳಬೇಕು. ನಾಲ್ಕು ಸಲ ಹೇಳಿದರೆ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಇದನ್ನು ಬೀಗ ಅನ್ನುವುದಕ್ಕಿಂತ ಅಗಳಿ ಅನ್ನುವುದು ಸರಿ. ದನಿ ಗುರುತಿಸುವ ವ್ಯವಸ್ಥೆಯೂ ಇದೆ, ಆದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಅಣ್ಣತಮ್ಮಂದಿರ ದನಿ ಹೋಲುತ್ತದೆ, ನೆಗಡಿಯಾದರೆ ನಮ್ಮ ದನಿಯೇ ನಮ್ಮದಾಗಿರುವುದಿಲ್ಲ, ಮುದ್ರಿಸಿದ ದನಿಯನ್ನು ಯಾರು ಬೇಕಾದರೂ ಹಾಕಬಹುದು. 2019ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಮತ್ತು ಜಪಾನಿನ ಸಂಶೋಧಕರು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಲೇಸರ್ ಬೆಳಕನ್ನು ಏರಿಳಿಸುತ್ತಾ ಪೆಟ್ಟಿಗೆಯ ಮೈಕಿನ ಮೇಲೆ ಬಿಟ್ಟರೆ, ಮೈಕು ಅದನ್ನೇ ಮಾತು ಅಂತ ತಿಳಿಯಿತು. ಅದು ಪ್ರಯೋಗಾಲಯದ ಮಾತು, ನಮ್ಮ ಬೀದಿಯಲ್ಲಿ ಅಷ್ಟು ಕಷ್ಟಪಡುವ ಕಳ್ಳರು ಇರಲಾರರು. ಆದರೆ ದನಿ ಒಂದನ್ನೇ ನಂಬಿ ಹಣ ಬಿಡಬಾರದು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಬಿಲ್ ಕಟ್ಟುವುದು ಮತ್ತು ರೀಚಾರ್ಜ್ ಮಾಡುವುದು ಒಂದೇ ಬಗೆಯ ಅಪಾಯವಲ್ಲ. ಕರೆಂಟ್ ಬಿಲ್ಲು ತಪ್ಪಿ ಕಟ್ಟಿದರೂ ಹಣ ಸೇರುವುದು ನಿಮ್ಮದೇ ಸರ್ವಿಸ್ ನಂಬರಿಗೆ. ಅಷ್ಟೇ ಅಲ್ಲ, ಮೊತ್ತವನ್ನು ನೀವು ಹೇಳುವುದೂ ಇಲ್ಲ, ಅದು ಬಿಲ್ಲಿನಿಂದ ಬರುತ್ತದೆ. ಬಾಯಿಮಾತಿನ ಪಾವತಿಗೆ ಬಿಲ್ಲು ಹೊಂದುವುದು ಇದಕ್ಕೇ. ರೀಚಾರ್ಜ್ ಅಥವಾ ಯಾರಿಗಾದರೂ ಹಣ ಕಳಿಸುವುದರಲ್ಲಿ ಅಂಕಿಗಳನ್ನು ನಾವೇ ಹೇಳಬೇಕು. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಫ್ಯಾನಿನ ಸದ್ದಿನಲ್ಲಿ ಒಂದೇ ಆಗಿಬಿಡುತ್ತವೆ. ಪೆಟ್ಟಿಗೆ ಮೊತ್ತವನ್ನು ತಿರುಗಿ ಹೇಳುವಾಗ ಕಿವಿಗೊಡದೆ ಹೌದು ಅಂದುಬಿಟ್ಟರೆ, ಆ ತಡೆ ಇದ್ದೂ ಇಲ್ಲದಂತೆ.

ಮನೆಯಲ್ಲಿ ಇಂಥ ಪೆಟ್ಟಿಗೆ ಇದ್ದವರು ಫೋನಿನಲ್ಲಿ ಅದರ ಆ್ಯಪ್ ತೆರೆದು, ಸೆಟ್ಟಿಂಗಿನಲ್ಲಿ Voice Purchasing ಅನ್ನುವುದನ್ನು ನೋಡಿ. ಕೊಳ್ಳುವುದು ಬೇಡವಾದರೆ ಅಲ್ಲೇ ಪೂರ್ತಿ ಬಂದ್ ಮಾಡಬಹುದು, ಬೇಕಿದ್ದರೆ ನಾಲ್ಕಂಕಿಯ ಸಂಖ್ಯೆ ಇಡಬಹುದು. ಪೆಟ್ಟಿಗೆ ಏನು ಕೇಳಿಸಿಕೊಂಡಿತು ಅನ್ನುವ ಪಟ್ಟಿಯೂ ಅದೇ ಆ್ಯಪಿನಲ್ಲಿ ಸಿಗುತ್ತದೆ. ಯಾರೂ ಹೇಳದ ಮಾತು ಅಲ್ಲಿ ಕಂಡರೆ, ಪೆಟ್ಟಿಗೆ ಬಹುಶಃ ಟಿವಿಯನ್ನು ಕೇಳಿಸಿಕೊಂಡಿದೆ. ಆಗ ಅದನ್ನು ಟಿವಿಯಿಂದ ದೂರ ಇಡಿ. ಇನ್ನು ವ್ಯಾಲೆಟ್. ಬ್ಯಾಲೆನ್ಸ್ ಕಡಿಮೆಯಾದಾಗ ಬ್ಯಾಂಕಿನಿಂದ ತಾನೇ ತುಂಬಿಕೊಳ್ಳುವಂತೆ ಕೆಲವರು ಮಾಡಿಟ್ಟಿರುತ್ತಾರೆ, ಅದನ್ನು ತೆಗೆದುಹಾಕಿ. ಐನೂರು ರೂಪಾಯಿ ಇದ್ದ ವ್ಯಾಲೆಟ್‌ನಿಂದ ತಪ್ಪಿ ಹೋಗುವುದು ಹೆಚ್ಚೆಂದರೆ ಐನೂರು.

ಕೊನೆಗೆ ನಮ್ಮ ಭಾಷೆಯ ವಿಷಯ. ರಾಷ್ಟ್ರೀಯ ಪಾವತಿ ನಿಗಮವು 2023ರ ಸೆಪ್ಟೆಂಬರ್‌ನಲ್ಲಿ ಹಲೋ ಯುಪಿಐ ಅನ್ನುವ ಬಾಯಿಮಾತಿನ ಪಾವತಿಯನ್ನು ಹೊರತಂದಾಗ, ಶುರು ಮಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ನಾನು ಹೇಳಿದ ಮನೆಯ ಪೆಟ್ಟಿಗೆಯೂ ಇಲ್ಲಿ ಆಜ್ಞೆ ಕೇಳುವುದು ಆ ಎರಡರಲ್ಲೇ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ, ಸಿರಾ-ಪಾವಗಡದ ಮಗ್ಗುಲಿನ ಮಡಕಶಿರಾದಲ್ಲಿ, ಕನ್ನಡವನ್ನೂ ತೆಲುಗನ್ನೂ ಬೆರೆಸಿ ಮಾತಾಡುವ ಅಜ್ಜಿಗೆ ಆ ಪೆಟ್ಟಿಗೆ ಕಿವುಡು. ಆಕೆ ಕರೆಂಟ್ ಬಿಲ್ಲನ್ನು ಮೊಮ್ಮಗನ ಬಾಯಿಂದಲೇ ಕಟ್ಟಿಸಬೇಕು, ಅಂದರೆ ಗುಟ್ಟಿನ ಸಂಖ್ಯೆಯನ್ನು ಅವನಿಗೆ ಕೊಟ್ಟೇ ಕೊಡಬೇಕು. ಅಂಥ ಮನೆಯಲ್ಲಿ ವ್ಯಾಲೆಟ್‌ಗೆ ಆ ತಿಂಗಳ ಬಿಲ್ಲಿನಷ್ಟು ಮಾತ್ರ ತುಂಬುವುದು ವಾಸಿ.